ಆರು ಗಂಟೆಯೊಳಗೆ ತಿಳಿಸಬೇಕು

ಬುಧವಾರ ಮತ್ತು ಶನಿವಾರ ನಮ್ಮ ಮನೆಯಲ್ಲಿ ರಾತ್ರಿಯ ಊಟ ಏಳೂವರೆಗೇ ಮುಗಿದುಹೋಗುತ್ತದೆ. ರೊಟ್ಟಿ ಬಡಿಯುವ ದಿನವಾದರೆ ಐದೂವರೆಗೇ ಹಿಟ್ಟು ಕಲಸುತ್ತೇನೆ. ಹಾಲು ಹೆಪ್ಪು ಹಾಕಿ, ಒಲೆ ಒರೆಸಿ, ಬೆಳಗಿನ ನೀರು ತುಂಬಿಟ್ಟು, ಎಂಟೂಕಾಲಕ್ಕೆ ಊಟದ ಮೇಜಿನ ಮೂಲೆಯಲ್ಲಿ ಟ್ಯಾಬ್ ನಿಲ್ಲಿಸಿಕೊಂಡು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತೇನೆ. ನಮ್ಮ ಯಜಮಾನರು ಶೇಂಗಾ ವ್ಯಾಪಾರದವರು. ಅಂಗಡಿಯಿಂದ ಬಂದವರು ಕೈಕಾಲು ತೊಳೆಯುತ್ತಾ ಕೇಳುತ್ತಾರೆ, "ಇವತ್ತು ಯುದ್ಧ ಐತೇನೆ?"

"ಐತೆ ರೀ. ನಿಮಗೇನಾದ್ರೂ ಬೇಕಿದ್ರೆ ಈಗಲೇ ಕೇಳ್ರಿ, ಆಮೇಲೆ ಹತ್ತೂವರೆ ತನಕ ನಾನು ಏಳಲ್ಲ."

"ನಂಗೇನು ಬೇಕು. ನಿನ್ನ ದಂಡಿನೋರಿಗೆಲ್ಲ ನಮಸ್ಕಾರ ಹೇಳು."

ಐವತ್ತಕ್ಕೆ ಎರಡು ಕಡಿಮೆ ಇರುವ ಹೆಂಗಸು ಫೋನಿನಲ್ಲಿ ಆಡುವ ಆಟಕ್ಕೆ ಹೇಗೆ ಸಿಕ್ಕಿಬಿದ್ದಳು ಎಂದು ಚಳ್ಳಕೆರೆಯ ನಮ್ಮ ಬೀದಿಯವರು ಕೇಳುತ್ತಲೇ ಇರುತ್ತಾರೆ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಕಾಲಿನ ಮೂಳೆ ಮುರಿಯಿತು. ಆರು ವಾರ ಮಂಚದ ಮೇಲೆ. ಟಿವಿ ನೋಡಿ ನೋಡಿ ಸಾಕಾಗಿ ಯಾವುದೋ ಜಾಹೀರಾತು ಒತ್ತಿದೆ, ಆಟ ತೆರೆದುಕೊಂಡಿತು. ಅದರೊಳಗೆ ಬೆಟ್ಟ, ಕಾಡು, ಕೋಟೆ, ಸಂತೆ, ಎಲ್ಲಾ ಇದ್ದವು. ಅಲ್ಲಿ ಒಬ್ಬ ಕನ್ನಡದಲ್ಲಿ ಬರೆಯುವುದು ಕಂಡು, ನಾನೂ ಕನ್ನಡದಲ್ಲಿ ಬರೆದೆ. ಮನೆ ಎಲ್ಲಿ ಅಕ್ಕ ಎಂದು ಕೇಳಿದ. ಚಳ್ಳಕೆರೆ ಅಂದೆ. "ಅಯ್ಯೋ, ನಾನು ಕುದಾಪುರದಲ್ಲೇ ಕೆಲಸ ಮಾಡೋದು" ಅಂದ. ಅಲ್ಲಿಯ ಒಂದು ಸಂಸ್ಥೆಯಲ್ಲಿ ಎಲೆಕ್ಟ್ರಿಕಲ್ ಕೆಲಸ ನೋಡಿಕೊಳ್ಳುವ ಹುಡುಗ, ಮದುವೆಯಾಗಿ ಒಂದು ಮಗು. ಅವನೇ ನಮ್ಮ ಕ್ಲಾನಿನ ಲೀಡರ್. ಕ್ಲಾನ್ ಅಂದರೆ ಒಟ್ಟಿಗೆ ಆಡುವವರ ಗುಂಪು. ಆಗ ಆರು ಜನರಿದ್ದರು, ಈಗ ಹನ್ನೆರಡು.

ರೇಡು ಎನ್ನುವುದು ಆ ಆಟದಲ್ಲಿ ಎಂಟು ಜನ ಒಂದೇ ಹೊತ್ತಿಗೆ ಕೂತು ಮಾಡಬೇಕಾದ ಕೆಲಸ. ಒಂದು ಕೋಟೆ, ಅದರೊಳಗೆ ನಾಲ್ಕು ರಾಕ್ಷಸರು, ಒಬ್ಬನಿಗಿಂತ ಒಬ್ಬ ದೊಡ್ಡವನು. ನಾಲ್ಕು ಜನ ಹೊಡೆಯುವವರು. ಇಬ್ಬರು ವಾಸಿಮಾಡುವವರು, ಅದರಲ್ಲಿ ನಾನೊಬ್ಬಳು. ಇನ್ನಿಬ್ಬರು ರಾಕ್ಷಸನ ಮುಂದೆ ನಿಂತು ಪೆಟ್ಟು ತಿನ್ನುವವರು; ಅವರಿಗೆ ಟ್ಯಾಂಕ್ ಅನ್ನುತ್ತಾರೆ. ಒಬ್ಬನಿಗೆ ಪೆಟ್ಟು ಅತಿಯಾದಾಗ ಇನ್ನೊಬ್ಬ ಮುಂದೆ ಬಂದು ರಾಕ್ಷಸನನ್ನು ತನ್ನ ಕಡೆ ಎಳೆದುಕೊಳ್ಳಬೇಕು. ಹೊಡೆಯುವವರು ಮೂರೇ ಜನ ಇದ್ದರೂ ಒಂದಿಷ್ಟು ದೂರ ಹೋಗಬಹುದು. ಟ್ಯಾಂಕ್ ಒಬ್ಬನೇ ಆದರೆ ಬಾಗಿಲು ತೆಗೆಯುವುದೂ ದಂಡ. ಪ್ರತಿ ಬುಧವಾರ ಬೆಳಿಗ್ಗೆ ಕೋಟೆ ಹೊಸದಾಗುತ್ತದೆ, ಸತ್ತ ರಾಕ್ಷಸರೆಲ್ಲ ಎದ್ದು ಕೂರುತ್ತಾರೆ. ಹಾಗಾಗಿ ಬುಧವಾರ ಮೊದಲ ಮೂವರನ್ನು ಮುಗಿಸುವುದು, ಶನಿವಾರ ಪೂರ್ತಿ ಕೊನೆಯವನಿಗೆ ಮೀಸಲಿಡುವುದು ನಮ್ಮ ಪದ್ಧತಿ. ಆ ಕೊನೆಯವನ ಹತ್ತಿರ ನಾವು ಎರಡು ತಿಂಗಳಿಂದ ಸಿಕ್ಕಿಕೊಂಡಿದ್ದೆವು.

ನಮ್ಮ ಟ್ಯಾಂಕುಗಳಲ್ಲಿ ಒಬ್ಬ ಲೀಡರ್. ಇನ್ನೊಬ್ಬ ಮೊಳಕಾಲ್ಮೂರಿನ ನೇಕಾರ. ರೇಷ್ಮೆ ಸೀರೆ ನೇಯುವವನು, ಮನೆಮಾತು ತೆಲುಗು, ಮಾತು ಬಹಳ ಕಡಿಮೆ. ಅವನಷ್ಟು ಶಾಂತವಾಗಿ ಪೆಟ್ಟು ತಿನ್ನುವವನನ್ನು ನಾನು ಕಂಡಿಲ್ಲ. ಉಳಿದವರು ಕಿರುಚುತ್ತಿದ್ದರೆ ಅವನು "ಪರವಾಗಿಲ್ಲ, ನಾನಿದೀನಿ" ಅನ್ನುತ್ತಿದ್ದ. ಅಷ್ಟೇ. ಅವನಿದ್ದ ದಿನ ವಾಸಿಮಾಡುವ ನನ್ನ ಕೆಲಸ ಅರ್ಧ ಹಗುರ.

ಹನ್ನೆರಡು ಜನರ ಬಿಡುವನ್ನು ಒಂದು ಮಾಡುವುದು ಏನೆಂದು ಮಾಡಿದವರಿಗೇ ಗೊತ್ತು. ಲೀಡರಿಗೆ ತಿಂಗಳಿಗೆ ಒಂದು ವಾರ ರಾತ್ರಿ ಪಾಳಿ. ಚಿತ್ರದುರ್ಗದ ಒಂದು ನರ್ಸಿಂಗ್ ಹೋಮಿನ ನರ್ಸು ನನ್ನ ಜೊತೆ ವಾಸಿಮಾಡುವವಳು, ಇನ್ನೊಬ್ಬ ಹೀಲರ್. ಅವಳ ಡ್ಯೂಟಿ ಹತ್ತು ದಿನಕ್ಕೊಮ್ಮೆ ಬದಲಾಗುತ್ತದೆ. ಪರಶುರಾಂಪುರದ ಕಡೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರ್ ಒಬ್ಬ ಇದ್ದಾನೆ, ಹೊಡೆಯುವುದರಲ್ಲಿ ಎಲ್ಲರಿಗಿಂತ ಮುಂದೆ, ಬಾಯಲ್ಲೂ ಮುಂದೆ. ಅವನ ಕೊನೆಯ ಟ್ರಿಪ್ಪು ಎಂಟಕ್ಕೆ ಮುಗಿಯಬೇಕು, ಟೈರು ಪಂಕ್ಚರ್ ಆಗಬಾರದು. ಮೊದಮೊದಲು ಎಂಟೂವರೆ ಎಂದರೆ ಒಂಬತ್ತೂಕಾಲಕ್ಕೆ ಶುರುವಾಗುತ್ತಿತ್ತು. ಬಂದವರು ಬಾರದವರಿಗೆ ಕಾಯುತ್ತಾ ಒಬ್ಬೊಬ್ಬರೇ ಎದ್ದು ಹೋಗುತ್ತಿದ್ದರು.

ಒಂದು ದಿನ ನಾನು ಸುಮ್ಮನಿರಲಾರದೆ, "ಹಾಲಿನವನ ಲೆಕ್ಕ ಬರೆಯೋ ಹಂಗೆ ಇದನ್ನೂ ಬರೆದಿಟ್ರೆ ಆಯ್ತಪ್ಪ" ಅಂದೆ.

"ಹಂಗಾದ್ರೆ ನೀವೇ ಬರೀರಿ ಅಕ್ಕ" ಅಂದ ಲೀಡರ್. ಅಲ್ಲಿಗೆ ಆ ಕೆಲಸ ನನ್ನ ಕೊರಳಿಗೆ ಬಿತ್ತು.

ಇನ್ನೂರು ಪುಟದ ಉದ್ದನೆಯ ನೋಟ್‌ಬುಕ್ ತಂದೆ. ನಿಯಮವನ್ನೂ ನಾನೇ ಬರೆದೆ, ಫೋನಿನಲ್ಲಿದ್ದ ನಮ್ಮ ಗ್ರೂಪಿನಲ್ಲಿ ಎಲ್ಲರೂ ಹೆಬ್ಬೆಟ್ಟು ತೋರಿಸಿ ಒಪ್ಪಿದರು. ಸೋಮವಾರ ಸಂಜೆಯೊಳಗೆ ಎರಡೂ ದಿನಕ್ಕೆ ಬರುತ್ತೇನೆ, ಬರುವುದಿಲ್ಲ ಎಂದು ಗುರುತು ಹಾಕಬೇಕು. ಬರುತ್ತೇನೆ ಎಂದವರಲ್ಲಿ ಎಂಟು ಜನಕ್ಕೆ ಜಾಗ, ಉಳಿದವರು ಕಾಯುವವರ ಪಟ್ಟಿಯಲ್ಲಿ. ಬರುತ್ತೇನೆ ಎಂದವರಿಗೆ ಆಗದೇ ಹೋದರೆ ಆ ದಿನ ಸಂಜೆ ಆರು ಗಂಟೆಯೊಳಗೆ ಗ್ರೂಪಿನಲ್ಲಿ ತಿಳಿಸಬೇಕು. ಆರರೊಳಗೆ ಗೊತ್ತಾದರೆ ಕಾಯುವವರನ್ನು ಕರೆಯಲು ಹೊತ್ತಿರುತ್ತದೆ. ಆರರೊಳಗೆ ತಿಳಿಸದಿದ್ದರೆ ಗೈರು. ನಾಲ್ಕು ವಾರದಲ್ಲಿ ಮೂರು ಗೈರಾದರೆ ಮುಂದಿನ ನಾಲ್ಕು ವಾರ ಎಂಟರಲ್ಲಿ ಜಾಗವಿಲ್ಲ, ಕಾಯುವವರ ಪಟ್ಟಿ. ಸರಳವಾಗಿತ್ತು. ಬಂದವರಿಗೆ ಸರಿ ಗುರುತು, ಬರಲಾಗದು ಎಂದು ಹೇಳಿದವರಿಗೆ 'ಹೇ', ಗೈರಿಗೆ 'ಗೈ'. ಅಡ್ಡಗೆರೆ ಉದ್ದಗೆರೆ ಎಳೆದು ಚೆನ್ನಾಗಿಯೇ ಬರೆದಿಟ್ಟಿದ್ದೆ. ಆ ಪುಟಗಳನ್ನು ನೋಡಿದರೆ ನನಗೇ ಸಂತೋಷವಾಗುತ್ತಿತ್ತು.

ಆರು ತಿಂಗಳು ಎಲ್ಲವೂ ಸುಸೂತ್ರ. ಆಮೇಲೆ ನೇಕಾರನ ಹೆಸರಿನ ಮುಂದೆ ಒಂದು ಗೈ ಬಿತ್ತು. ಮುಂದಿನ ವಾರವೇ ಇನ್ನೊಂದು. ಎರಡೂ ಸಲ ಮಾರನೇ ದಿನ ಬೆಳಿಗ್ಗೆ ಬರೆದಿದ್ದು ಒಂದೇ ಸಾಲು: "ಸಾರಿ, ಕೆಲಸ ಬಂತು." ಲೀಡರ್ ಅವನಿಗೆ ಬೇರೆಯಾಗಿ ಬರೆದ, ನೀನಿಲ್ಲದಿದ್ದರೆ ರೇಡೇ ಇಲ್ಲ, ಸ್ವಲ್ಪ ನೋಡಿಕೋ ಎಂದು. ಹೂಂ ಎಂದು ಉತ್ತರ ಬಂತು. ಸೋಮವಾರ ಎರಡೂ ದಿನಕ್ಕೆ ಬರುತ್ತೇನೆ ಎಂದೇ ಗುರುತು ಹಾಕಿದ್ದ.

ಮೂರನೆಯದು ಒಂದು ಶನಿವಾರ. ಹಿಂದಿನ ವಾರ ಕೊನೆಯ ರಾಕ್ಷಸನ ಜೀವ ನೂರಕ್ಕೆ ಎಂಟರಷ್ಟು ಉಳಿದಿದ್ದಾಗ ನಾವು ಸತ್ತಿದ್ದೆವು, ಹಾಗಾಗಿ ಆ ದಿನ ಎಲ್ಲರಿಗೂ ಉಮೇದು. ನರ್ಸು ಡ್ಯೂಟಿ ಅದಲುಬದಲು ಮಾಡಿಕೊಂಡು ಬಂದಿದ್ದಳು. ಎಂಟೂವರೆ ಆಯಿತು, ಏಳು ಜನ ಕೋಟೆಯ ಬಾಗಿಲಲ್ಲಿ ನಿಂತಿದ್ದೆವು. ಲೀಡರ್ ಮಾಡಿದಾಗೆಲ್ಲ ನೇಕಾರನ ಫೋನು ರಿಂಗಾಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಕಾಯುವವರ ಪಟ್ಟಿಯಲ್ಲಿದ್ದ ದೇವಸಮುದ್ರದ ಮೇಷ್ಟ್ರು ಒಬ್ಬರೇ ಬದಲಿ ಟ್ಯಾಂಕು. ಆರರೊಳಗೆ ಯಾರೂ ಬಿಡದಿದ್ದರಿಂದ ಅವತ್ತು ಜಾಗ ಇಲ್ಲವೆಂದುಕೊಂಡು, ನನಗೆ ಹೇಳಿ ನೆಂಟರ ಮನೆಗೆ ಹೋಗಿದ್ದರು. ಎಂಟೂಮುಕ್ಕಾಲಿಗೆ ಲೀಡರ್ ಇವತ್ತು ಬೇಡ ಬಿಡಿ ಅಂದ.

ಕಂಡಕ್ಟರ್ ಬಿಡಲಿಲ್ಲ. "ಲೇ, ನಾನು ಅಲ್ಲಿ ಊಟ ಬಿಟ್ಟು ಬಸ್ಸು ಶೆಡ್ಡಿಗೆ ಹಾಕಿ ಓಡಿ ಬಂದಿದೀನಿ. ಒಬ್ಬ ಪ್ಯಾಸೆಂಜರ್‌ಗೋಸ್ಕರ ಸ್ಟ್ಯಾಂಡಲ್ಲಿ ಎಷ್ಟು ಹೊತ್ತು ಸೀಟಿ ಊದಲಿ? ಅಕ್ಕ, ಬುಕ್ ತೆಗೀರಿ. ಎಷ್ಟಾತು ಅವಂದು?"

"ಮೂರು" ಅಂದೆ.

"ಮೂರಾತಲ್ಲ. ಮತ್ತೆ?"

ನಿಯಮ ನನ್ನದೇ ಆದ್ದರಿಂದ ಎಲ್ಲರೂ ನನ್ನ ಬಾಯಿಗೆ ಕಾಯುತ್ತಿದ್ದರು. "ನಿಯಮ ಅಂದ್ರೆ ನಿಯಮ. ನಾಲ್ಕು ವಾರ ಕಾಯೋ ಪಟ್ಟಿ" ಅಂದೆ. ನ್ಯಾಯವಾಗಿ ನಡೆದುಕೊಂಡೆ ಎಂದೇ ಅಂದುಕೊಂಡೆ. ಮಾರನೇ ದಿನ ನೇಕಾರನಿಗೆ ಗ್ರೂಪಿನಲ್ಲೇ ತಿಳಿಸಿದೆ. "ಸರಿ ಅಕ್ಕ" ಅಂತ ಬರೆದ. ಜಗಳವಾಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮುಂದಿನ ಬುಧವಾರವೂ ಶನಿವಾರವೂ ಎಂಟೂಕಾಲಕ್ಕೆ ಸರಿಯಾಗಿ ಅವನು ಆಟದೊಳಗಿನ ಮಾತಿನ ಚಾನೆಲ್ಲಿಗೆ ಬಂದು ಕೂತ. ಕಾಯುವವರು ಹಾಗೆ ಬಂದು ಕೂರಬೇಕು, ಯಾರಾದರೂ ಬಿಟ್ಟರೆ ಒಳಗೆ ಬರಬೇಕು. ಯಾರೂ ಬಿಡಲಿಲ್ಲ. ಅವನ ಜಾಗದಲ್ಲಿ ಮೇಷ್ಟ್ರು. ಅವರು ಪಾಪ, ನೆಂಟರ ಮನೆಗೆ ಹೋದ ಆ ಒಂದು ಶನಿವಾರ ಬಿಟ್ಟರೆ ಆರು ತಿಂಗಳಿಂದ ಒಂದು ದಿನವೂ ತಪ್ಪಿಸದೆ ಪಟ್ಟಿಯ ಬಾಲದಲ್ಲಿ ಕೂತು, ನಾವು ಆಡುವುದನ್ನು ಕೇಳಿಸಿಕೊಂಡು, ಯಾವಾಗ ಯಾರು ಎಳೆದುಕೊಳ್ಳಬೇಕು ಎನ್ನುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದರು. ಶನಿವಾರ ನಾಲ್ಕನೇ ಸಲಕ್ಕೆ ಕೊನೆಯ ರಾಕ್ಷಸ ಬಿದ್ದ.

ಎಲ್ಲರೂ ಕೂಗಿದ ಕೂಗಿಗೆ ನಮ್ಮ ಯಜಮಾನರು ಒಳಗಿಂದ ಬಂದರು. ಕಂಡಕ್ಟರ್ ಸೀಟಿ ಊದುತ್ತಿದ್ದ, ನಿಜವಾದ ಸೀಟಿ. ಮೇಷ್ಟ್ರು ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ಆ ಗದ್ದಲದ ನಡುವೆ ನೇಕಾರನ ದನಿ ಬಂತು. "ಎಲ್ಲರಿಗೂ ಅಭಿನಂದನೆ. ಮೇಷ್ಟ್ರೇ, ಚೆನ್ನಾಗಿ ನಿಂತ್ಕೊಂಡ್ರಿ." ಆಮೇಲೆ ಅವನ ಹೆಸರಿನ ಪಕ್ಕದ ಹಸಿರು ಚುಕ್ಕೆ ಆರಿತು. ಎರಡು ತಿಂಗಳು ಆ ರಾಕ್ಷಸನ ಪೆಟ್ಟನ್ನೆಲ್ಲ ತಿಂದವನು ಅವನು. ನಾನು ಸಂತೋಷಪಟ್ಟಿದ್ದು ಅಲ್ಲಿಗೆ ನಿಂತಿತು.

ಅದಾದ ಐದು ದಿನಕ್ಕೆ ನಮ್ಮ ಅಕ್ಕನ ಮಗಳ ಮದುವೆಗೆಂದು ಸೀರೆ ನೋಡಲು ನಾನು ಮೊಳಕಾಲ್ಮೂರಿಗೆ ಹೋಗಬೇಕಾಗಿತ್ತು. ಹೋಗುವುದೇ ಆಗಿದ್ದರಿಂದ ನೇಕಾರನಿಗೆ ಫೋನು ಮಾಡಿದೆ. ಎರಡು ವರ್ಷದಲ್ಲಿ ಮೊದಲ ಸಲ. ಎತ್ತಿದವಳು ಅವನ ಹೆಂಡತಿ. "ಎವರಂಡಿ?" ಅಂದಳು, ನಾನು ಯಾರೆಂದು ಹೇಳಿದ ಮೇಲೆ ಕನ್ನಡಕ್ಕೆ ತಿರುಗಿದಳು. "ಓ, ಆಟದ ಅಕ್ಕನಾ? ಬನ್ನಿ, ಬನ್ನಿ. ಅವರು ಪಕ್ಕದ ಮನೆಯಾಗೆ ಕೆಚ್ಚೋಕೆ ಕೂತವ್ರೆ."

ಕೆಚ್ಚುವುದು ಎಂದರೇನೆಂದು ಕಣ್ಣಾರೆ ಕಂಡಿದ್ದು ಅವತ್ತೇ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಎಳೆದಿರುವ ನೂಲು, ಮೂರು ನಾಲ್ಕು ಸೀರೆಗೆ ಮುಗಿದುಹೋಗುತ್ತದೆ. ಮುಗಿಯುವ ಹೊತ್ತಿಗೆ ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಲ್ಲಿ ಹೊಸೆದು ಸೇರಿಸಬೇಕು. ಸಾವಿರಗಟ್ಟಲೆ ಎಳೆ. ಆ ಮನೆಯ ನಡುಮನೆಯಲ್ಲಿ ಮಗ್ಗದ ಗುಂಡಿಯ ಪಕ್ಕ ಮೂವರು ಕೂತಿದ್ದರು: ಒಬ್ಬ ಅಜ್ಜಿ, ಆ ಮನೆಯ ಯಜಮಾನ, ನಮ್ಮ ನೇಕಾರ. ನೂಲು ಜಾರದಿರಲೆಂದು ಮೂವರ ಬೆರಳಿಗೂ ಬೂದಿ. ನಾನು ಬಾಗಿಲಿಗೆ ಬಂದಾಗ ನೇಕಾರ ತಲೆ ಎತ್ತಿ ನಕ್ಕ, ಬೆರಳು ನಿಲ್ಲಲಿಲ್ಲ. ಮೂವತ್ತೈದು ವರ್ಷವಿರಬಹುದು, ದನಿ ಕೇಳಿ ನಾನು ಊಹಿಸಿದ್ದಕ್ಕಿಂತ ಬಡಕಲು. ಅಂಗಿ ಗೋಡೆಯ ಮೊಳೆಗೆ ನೇತುಬಿದ್ದಿತ್ತು. ಫೋನನ್ನು ಅವನು ಮನೆಯಲ್ಲೇ ಬಿಟ್ಟು ಬಂದಿದ್ದ.

"ಕೂರ್ಚೋಂಡಿ ಅಕ್ಕ" ಅಂದ. "ತಪ್ಪು ತಿಳ್ಕೋಬೇಡಿ, ಈಗ ಏಳಂಗಿಲ್ಲ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಈಯಮ್ಮನೇನಾ ನಿಂಗೆ ಗೈರು ಹಾಕಿದ್ದು?"

"ಅವ್ವಾ, ಸುಮ್ಕಿರು" ಅಂದ ನೇಕಾರ.

"ಅಲ್ಲಮ್ಮ, ಕೂಲಿಗೆ ಹಾಜರಿ ಕೇಳಿದೀನಿ, ಇಸ್ಕೂಲಿಗೆ ಹಾಜರಿ ಕೇಳಿದೀನಿ. ಆಟಕ್ಕೂ ಹಾಜರಿ ಹಾಕ್ತೀರಾ? ಆಡಕೆ ಬರದಿದ್ರೆ ಬೆತ್ತದಾಗೆ ಹೊಡೀತೀರೇನು?"

ನಾನು ನಕ್ಕೆ. ಎಂಟು ಜನ ಸೇರದಿದ್ದರೆ ಉಳಿದ ಏಳು ಜನದ ಸಂಜೆ ಹಾಳು ಎಂದು ವಿವರಿಸಿದೆ. ಅಜ್ಜಿ ಎರಡು ಎಳೆ ಹೊಸೆಯುವಷ್ಟು ಹೊತ್ತು ಯೋಚಿಸಿದಳು. "ಅದು ಸರಿ ಬಿಡು. ಇಲ್ಲೂ ಹಂಗೇಯ. ಇವತ್ತು ಇವನು ಇಲ್ಲಿ ಬರದಿದ್ರೆ ನಾಳೆ ಇವನ ಹಾಸು ಕೆಚ್ಚಕ್ಕೆ ಯಾರೂ ಬರಲ್ಲ."

ಆಗ ಒಂದೊಂದೇ ಹೊರಬಂತು. ಯಾರ ಮನೆಯ ಹಾಸು ಯಾವತ್ತು ಮುಗಿಯುತ್ತದೆ ಎನ್ನುವುದು ಸೋಮವಾರ ಗೊತ್ತಿರುವುದಿಲ್ಲ. ಸೀರೆಯ ಸೆರಗು ಬೇಗ ಬಂದರೆ ಒಂದು ದಿನ ಮುಂಚೆ, ನೂಲು ತುಂಡಾಗುತ್ತಾ ಹೋದರೆ ಎರಡು ದಿನ ತಡ. ಆ ಮೂರು ಸಲವೂ ಸಂಜೆ ಆರರ ಮೇಲೆ ಯಾರೋ ಬಾಗಿಲಿಗೆ ಬಂದು, ಮುಗೀತಪ್ಪ, ಬಾ ಅಂದಿದ್ದಾರೆ. ಒಮ್ಮೆ ಕೂತರೆ ಅರ್ಧಕ್ಕೆ ಏಳುವಂತಿಲ್ಲ, ಎಳೆ ತಪ್ಪಿದರೆ ಸೀರೆಯುದ್ದಕ್ಕೂ ತಪ್ಪುತ್ತದೆ. ಅವನ ಬೀದಿಯಲ್ಲಿ ವಾರವೆನ್ನುವುದಿಲ್ಲ, ಎಲ್ಲರೂ ದಿನವನ್ನು ಹಾಸಿನಲ್ಲಿ ಎಣಿಸುತ್ತಾರೆ.

"ಸರಿಯಪ್ಪ, ಆರು ದಾಟಿದ್ರೇನು, ಹೊರಡೋ ಮುಂಚೆ ಗ್ರೂಪಿನಾಗೆ ಒಂದು ಸಾಲು ಹಾಕಬಾರದಿತ್ತಾ?" ಅಂದೆ.

"ಆರರ ಮೇಲೆ ಹೇಳಿದ್ರೂ ಗೈರೇ ಅಲ್ವಾ ಅಕ್ಕ? ನೀವೇ ಬರೆದಿದ್ರಿ. ಹೇಳಿದ್ರೂ ಒಂದೇ ಹೇಳದಿದ್ರೂ ಒಂದೇ ಅಂದ್ಮೇಲೆ, ತಪ್ಪಿಸಿಕೊಳ್ಳೋಕೆ ನೆಪ ಹೇಳ್ತಾನೆ ಅಂತ ಯಾಕೆ ಅನ್ನಿಸ್ಕೊಳ್ಳೋದು ಅಂತ ಸುಮ್ಮನಾದೆ."

ನಿಯಮ ಬರೆಯುವಾಗ ಆರು ಗಂಟೆಯ ಮೇಲೆ ಏನೆಂದು ನಾನು ಯೋಚಿಸಿಯೇ ಇರಲಿಲ್ಲ. ಏಳಕ್ಕಾದರೂ ತಿಳಿದಿದ್ದರೆ ಮೇಷ್ಟ್ರು ನೆಂಟರ ಮನೆಯಿಂದ ಬರುತ್ತಿದ್ದರು. "ನನಗಾದ್ರೂ ಒಂದು ಫೋನ್ ಮಾಡಬಹುದಿತ್ತಲ್ಲ" ಅಂದೆ.

ಅವನ ಬೆರಳು ಮೊದಲ ಸಲ ನಿಂತಿತು. "ನಿಮಗಾ? ದೊಡ್ಡ ಮನೆಯೋರು ನೀವು. ದೀಪ ಹಚ್ಚೋ ಹೊತ್ತಿನಾಗೆ ಯಾವನೋ ಗಂಡಸು ಫೋನ್ ಮಾಡಿದ್ರೆ ನಿಮ್ಮ ಯಜಮಾನ್ರು ಏನಂದ್ಕೊಂತಾರೋ ಅಂತ." ಆಮೇಲೆ, "ಯಾಕೆ ಅಕ್ಕ, ಬೇರೆಯೋರು ಮಾಡ್ತಾರಾ?"

ಸುಳ್ಳು ಹೇಳುವ ಮನಸ್ಸು ಒಂದು ಕ್ಷಣ ಬಂದಿತ್ತು. "ಮಾಡ್ತಾರೆ" ಅಂದೆ.

"ಹೌದಾ" ಅಂದ. "ನಂಗೆ ಗೊತ್ತಿರ್ಲಿಲ್ಲ." ಬೂದಿಗೆ ಬೆರಳು ಅದ್ದಿ ಮುಂದಿನ ಎಳೆ ಹಿಡಿದ.

ಅವನ ಹೆಂಡತಿ ಕಾಫಿ ತಂದುಕೊಟ್ಟಳು, ಮದುವೆ ಸೀರೆಗೆ ಯಾರ ಮಗ್ಗದಲ್ಲಿ ಒಳ್ಳೆಯ ಅಂಚು ಬರುತ್ತದೆ ಎಂದು ತೋರಿಸಿದಳು. ಒಂದು ಕೆಂಪು ಸೀರೆ ಆರಿಸಿದೆ. ಏನು ಆರಿಸಿದೆ ಎನ್ನುವುದು ಬಸ್ಸಿನಲ್ಲಿ ಕೂತಾಗ ಸರಿಯಾಗಿ ನೆನಪಿರಲಿಲ್ಲ. ತಲೆಯ ತುಂಬಾ 'ಹೇ' ಅಕ್ಷರಗಳು.

ಯಾಕೆಂದರೆ ಎಲ್ಲರೂ ನನಗೆ ಫೋನು ಮಾಡುತ್ತಿದ್ದರು. ನರ್ಸು ಏಳಕ್ಕೆ, "ಅಕ್ಕ, ಎಮರ್ಜೆನ್ಸಿ ಕೇಸ್ ಬಂತು" ಅನ್ನುತ್ತಿದ್ದಳು. ಪಾಪ ಅನ್ನಿಸುತ್ತಿತ್ತು, 'ಹೇ' ಎಂದು ಬರೆಯುತ್ತಿದ್ದೆ. ಕಂಡಕ್ಟರ್ ಏಳೂಮುಕ್ಕಾಲಿಗೆ, "ಅಕ್ಕ, ಗಾಡಿ ಕೆಟ್ಟೈತೆ, ನೀವು ನೋಡ್ಕಳ್ರಿ" ಅನ್ನುತ್ತಿದ್ದ. 'ಹೇ'. ನಾನು ಮೇಷ್ಟ್ರಿಗೋ ಇನ್ನೊಬ್ಬರಿಗೋ ಫೋನು ತಿರುಗಿಸಿ ಜಾಗ ತುಂಬುತ್ತಿದ್ದೆ, ಗ್ರೂಪಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಅದು ನನಗೆ ದೊಡ್ಡತನ ಅನ್ನಿಸಿತ್ತು. ಮನೆ ನಡೆಸುವವಳಿಗೆ ಇಷ್ಟು ಹೊಂದಿಸಿಕೊಳ್ಳುವುದು ಬಾರದಿದ್ದರೆ ಹೇಗೆ ಎಂದು.

ಮನೆಗೆ ಬಂದವಳು ಸೀರೆಯ ಚೀಲವನ್ನೂ ಬಿಚ್ಚದೆ ನೋಟ್‌ಬುಕ್ ಹಿಡಿದು ಕೂತೆ. ಒಂದು ಕೈಯಲ್ಲಿ ಫೋನು, ಬಂದ ಕರೆಗಳ ಪಟ್ಟಿ ಮೇಲಕ್ಕೆಳೆದು ಒಂದೊಂದು 'ಹೇ'ಯ ಹೊತ್ತನ್ನು ತಾಳೆ ನೋಡಿದೆ. ಕರೆಗಳ ಪಟ್ಟಿ ಐದು ವಾರದಷ್ಟು ಹಿಂದಕ್ಕೆ ಮಾತ್ರ ಹೋಗುತ್ತಿತ್ತು. ಅಷ್ಟರಲ್ಲೇ ಸಾಕಷ್ಟಿತ್ತು. ನಾನು ಬರೆದ ನಿಯಮವನ್ನು ಬರೆದ ಹಾಗೇ ಎಣಿಸಿದರೆ ನರ್ಸಿಗೆ ನಾಲ್ಕು ವಾರದೊಳಗೇ ಮೂರು ಗೈರು. ಕಂಡಕ್ಟರ್‌ಗೆ ಮೂರು. ಲೀಡರಿಗೆ ಒಂದು. ನಿಯಮವನ್ನು ಅಕ್ಷರಕ್ಕೆ ಅಕ್ಷರ ನಂಬಿದವನು ಒಬ್ಬನೇ, ಶಿಕ್ಷೆಯಾಗಿದ್ದೂ ಅವನೊಬ್ಬನಿಗೇ.

ಯಜಮಾನರಿಗೆ ಹೇಳಿದೆ. ಅವರು ಚೀಲದಿಂದ ಸೀರೆ ತೆಗೆದು ನೋಡುತ್ತಾ, "ಅವನು ಫೋನ್ ಮಾಡಿದ್ರೆ ನಾನೇನಂತಿದ್ದೆ?" ಅಂದರು. ಸೀರೆ ಮಡಿಸಿಟ್ಟು ಅವರೇ, "ಗೊತ್ತಿಲ್ಲ ಕಣೆ. ಮೊದಮೊದಲು ಒಂದ್ಮಾತು ಅಂತಿದ್ನೇನೋ" ಅಂದರು.

ಭಾನುವಾರ ಮಧ್ಯಾಹ್ನ ಎಲ್ಲರನ್ನೂ ಮಾತಿನ ಚಾನೆಲ್ಲಿಗೆ ಕರೆದೆ. ನೇಕಾರನನ್ನೂ. ಹತ್ತು ಜನ ಬಂದರು. ನೋಟ್‌ಬುಕ್ಕಿನ ಪುಟಗಳ ಫೋಟೋ ಮೊದಲೇ ಗ್ರೂಪಿಗೆ ಹಾಕಿದ್ದೆ, ಆರರ ಮೇಲಿನ ಪ್ರತಿ 'ಹೇ'ಗೂ ಕೆಂಪು ಸುತ್ತು ಹಾಕಿ. "ಇದು ನನ್ನ ತಪ್ಪು" ಅಂದೆ. "ನಿಯಮ ಒಂದು ಬರೆದೆ, ನಡೆಸಿದ್ದು ಇನ್ನೊಂದು. ಫೋನ್ ಮಾಡೋಕೆ ಸಲಿಗೆ ಇದ್ದೋರಿಗೆ ಒಂದು, ಇಲ್ಲದೋರಿಗೆ ಒಂದು."

ಮೊದಲು ಸಿಡಿದವನು ಕಂಡಕ್ಟರ್. "ಏನಕ್ಕ ಇದು? ನಾನು ಹೇಳಿದೀನಲ್ಲ. ಹೇಳಿದ್ದಕ್ಕೂ ಹೇಳದೇ ಇರೋದಕ್ಕೂ ವ್ಯತ್ಯಾಸ ಇಲ್ವಾ?"

"ಐತೆ. ಆದ್ರೆ ನಿಯಮದಲ್ಲಿ ಇರ್ಲಿಲ್ಲ. ಅದಕ್ಕೇ ಅವನು ಹೇಳಲಿಲ್ಲ."

"ಮತ್ತೆ ಆ ಮೂರೂ ದಿನ ಫೋನ್ ಎತ್ತದೋನು ಅವನೇ ಅಲ್ವಾ? ನಾವು ಬಾಗಿಲಲ್ಲಿ ನಿಂತು ನೊಣ ಹೊಡ್ಕೊಂಡು ಕೂತಿದ್ದು ಸುಳ್ಳಾ?"

ಅದೂ ಸುಳ್ಳಲ್ಲ. ಅವನ ಮಾತು ಒರಟು, ಆದರೆ ಆ ಶನಿವಾರ ಏಳು ಜನ ಕಾದಿದ್ದು ನಿಜ. ನರ್ಸು ಮೆಲ್ಲಗೆ ಅಂದಳು, "ಹಂಗೆ ನೋಡಿದ್ರೆ ನಾನೂ ಹೊರಗೆ ಕೂರಬೇಕು ಅಕ್ಕ. ಕೂರ್ತೀನಿ. ಆದ್ರೆ ಹೀಲರ್ ಯಾರು?" ಕೆಂಪು ಸುತ್ತನ್ನೆಲ್ಲ ಗೈರೆಂದು ಎಣಿಸಿದರೆ ರೇಡೇ ನಿಲ್ಲುತ್ತದೆ. ಎಲ್ಲವನ್ನೂ ಮನ್ನಿಸಿದರೆ ನೇಕಾರನ ಎರಡು ವಾರ, ರಾಕ್ಷಸ ಬಿದ್ದ ಆ ಶನಿವಾರ, ಯಾರು ತಿರುಗಿ ಕೊಡುತ್ತಾರೆ?

ಲೀಡರ್ ಕೊನೆಗೆ ಅಂದ, "ಹಳೇದೆಲ್ಲ ಅಳಿಸೋಣ. ಇನ್ಮೇಲೆ ಆರರೊಳಗೆ ಹೇಳಿದ್ರೆ ಏನೂ ಇಲ್ಲ. ಆರರಿಂದ ಎಂಟರೊಳಗೆ ಹೇಳಿದ್ರೆ ಅರ್ಧ ಗೈರು. ಹೇಳದಿದ್ರೆ ಪೂರ್ತಿ. ಹೇಳೋದು ಗ್ರೂಪಲ್ಲೇ, ಅಕ್ಕಂಗೆ ಬೇರೆಯಾಗಿ ಫೋನ್ ಮಾಡಂಗಿಲ್ಲ. ಮನೇಲಿರೋ ಯಾರಾದ್ರೂ ಹಾಕಿದ್ರೂ ಸರಿ. ಟ್ಯಾಂಕ್‌ಗೆ ಮಾತ್ರ ಪ್ರತಿ ಸಲ ಒಬ್ರು ಬದಲಿ ಗ್ಯಾರಂಟಿ ಇರ್ಬೇಕು." ನೇಕಾರನ ಕಡೆ ತಿರುಗಿದ ಹಾಗೆ ದನಿ ಇಳಿಸಿ, "ಬುಧವಾರದಿಂದ ನಿನ್ ಜಾಗಕ್ಕೆ ಬಾರಪ್ಪ" ಅಂದ.

ಅಷ್ಟರಲ್ಲಿ ಮೇಷ್ಟ್ರು, "ಹಾಗಾದ್ರೆ ನಾನು ಮತ್ತೆ ಹಿಂದಕ್ಕೆ ಹೋಗ್ಬೇಕಾ?" ಅಂದರು. ಕೋಪವಿರಲಿಲ್ಲ, ಹೋಂವರ್ಕಿನ ಬಗ್ಗೆ ಕೇಳಿದ ಹಾಗಿತ್ತು. "ಹೋಗ್ತೀನಿ. ಸುಮ್ಮನೆ ತಿಳ್ಕೊಳ್ಳೋಣ ಅಂತ."

ಒಂದು ಗೈರೂ ಇಲ್ಲದವರನ್ನು, ಗೆಲ್ಲಿಸಿಕೊಟ್ಟವರನ್ನು, ಯಾವ ತಪ್ಪಿಗೆ ಹಿಂದಕ್ಕೆ ಕಳಿಸುವುದು? ಒಬ್ಬನಿಗೆ ಮಾಡಿದ್ದನ್ನು ಸರಿಮಾಡಲು ಹೋಗಿ ಇನ್ನೊಬ್ಬರ ಮೇಲೆ ಅದನ್ನೇ ಮಾಡುತ್ತಿದ್ದೆ, ಈ ಸಲ ಗೊತ್ತಿದ್ದೂ. ವಾರ ಬಿಟ್ಟು ವಾರ ಇಬ್ಬರೂ ಹಂಚಿಕೊಳ್ಳಲಿ ಎಂದು ಯಾರೋ ಅಂದರು.

"ಬೇಡ" ಅಂದ ನೇಕಾರ. "ವಾರ ಬಿಟ್ಟು ವಾರ ಅಂದ್ರೂ ನನ್ ವಾರ ಯಾವಾಗ ಕೈ ಕೊಡ್ತದೋ ನಂಗೇ ಗೊತ್ತಿರಲ್ಲ. ಮತ್ತೆ ಅದೇ ಆಗ್ತದೆ, ಮತ್ತೆ ಅಕ್ಕ ಬುಕ್ ಹಿಡ್ಕೊಂಡು ಒದ್ದಾಡ್ತಾರೆ. ಮೇಷ್ಟ್ರು ನಿಲ್ಲಲಿ. ನಾನು ಬದಲಿ ಇರ್ತೀನಿ. ಮನೇಲಿದ್ರೆ ಬರ್ತೀನಿ."

"ಅದು ನಿಂಗೆ ನ್ಯಾಯ ಅನ್ಸುತ್ತಾ?" ಅಂದೆ.

"ನನ್ ಮೂರು ಗೈರು ಅಳಿಸಿದ್ರಲ್ಲ ಅಕ್ಕ. ನಂಗೆ ಬೇಕಾಗಿದ್ದು ಅದೇ. ನೆಪ ಹೇಳೋನು ಅಂತ ಇರಬಾರದಿತ್ತು, ಅಷ್ಟೇ."

ಕಂಡಕ್ಟರ್, "ಲೇ, ಬೇಜಾರ್ ಮಾಡ್ಕಬೇಡ" ಅಂದ. ಇವನು, "ಇಲ್ಲ ಬಿಡಣ್ಣ" ಅಂದ. ಸಭೆ ಮುಗಿಯಿತು.

ಹೊಸ ನಿಯಮ ಬಂದು ಈಗ ಮೂರು ತಿಂಗಳಾಗುತ್ತಿದೆ. ಆರು ದಾಟಿದ ಮೇಲೂ ಗ್ರೂಪಿನಲ್ಲಿ ಸಾಲುಗಳು ಬೀಳುತ್ತವೆ, ನಾನು ಅರ್ಧ ಗೈರು ಹಾಕುತ್ತೇನೆ, ಯಾರ ಹತ್ತಿರವೂ ಪಾಪ ಎನ್ನುವುದಿಲ್ಲ. ನರ್ಸು ನಾಲ್ಕು ವಾರ ಹೊರಗೆ ಕೂತು ಬಂದಳು, ನನ್ನ ಮೇಲೆ ಇನ್ನೂ ಸ್ವಲ್ಪ ಮುನಿಸಿದೆ. ನೇಕಾರನನ್ನು ಬದಲಿಯಾಗಿ ಏಳು ಸಲ ಕರೆದಿದ್ದೇನೆ. ಎರಡು ಸಲ ಬಂದ. ಬಂದ ದಿನ ಹಳೆಯ ಹಾಗೇ ನಿಂತ, ನನ್ನ ಕೆಲಸ ಹಗುರವಾಯಿತು. ಉಳಿದ ಐದು ಸಲ ಎಂಟರೊಳಗೆ ಅವನ ಹೆಂಡತಿ ಗ್ರೂಪಿನಲ್ಲಿ ಒಂದು ಸಾಲು ಹಾಕಿದ್ದಾಳೆ. ಅದು ನಿಜವಾಗಿ ಹಾಸಿನ ಕೆಲಸವೋ, ಅಥವಾ ಅವನಿಗೆ ಆಟದ ಮೇಲಿನ ಮನಸ್ಸೇ ಹೋಗಿಬಿಟ್ಟಿದೆಯೋ, ನಾನು ಕೇಳಿಲ್ಲ. ಬದಲಿಯವರು ಕಾರಣ ಹೇಳಬೇಕೆಂದು ನಿಯಮದಲ್ಲಿಲ್ಲ. ಪ್ರತಿ ಸೋಮವಾರ ಪಟ್ಟಿ ಬರೆಯುವಾಗ ಬದಲಿಯ ಸಾಲಿನಲ್ಲಿ ಅವನ ಹೆಸರು ಬರೆಯುತ್ತೇನೆ, ಅವನು ಬೇಡವೆಂದು ಹೇಳುವ ತನಕ.